ವಾಷಿಂಗ್ ಮೆಷಿನ್ ಬಾಡಿ ಮುಟ್ಟಿದ್ರೆ ಜುಮ್ ಅನ್ಸುತ್ತೆ, ಏನಿರಬಹುದು?

ಪ್ರಶ್ನೆ: ನಮ್ಮ ಫ್ರಂಟ್ ಲೋಡ್ ಮೆಷಿನ್ನಿನ ಪಕ್ಕದ ತಗಡಿಗೆ ಒದ್ದೆ ಕೈ ತಾಗಿದ್ರೆ ಜುಮುಜುಮು ಅನ್ಸುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಏನೂ ಇಲ್ಲ. ಸ್ವಿಚ್ ಹಾಕಿದ್ರೆ ಸಾಕು, ಮೆಷಿನ್ ಓಡ್ತಿರಬೇಕು ಅಂತಾನೂ ಇಲ್ಲ. ಟೆಸ್ಟರ್ ಇಟ್ರೆ ಮಂದವಾಗಿ ಉರಿಯುತ್ತೆ. ಪರಿಚಯದ ಒಬ್ರು ಮೀಟರ್ ಇಟ್ಟು ನೋಡಿದ್ರು, ಫೇಸ್–ನ್ಯೂಟ್ರಲ್ 231 ವೋಲ್ಟ್, ಬಾಡಿ–ನ್ಯೂಟ್ರಲ್ 112 ವೋಲ್ಟ್. ಮೋಟಾರ್ ಹೋಗಿದೆಯಾ ಸರ್?

ಒಬ್ಬ ಸದಸ್ಯರು: ಇದು ಸ್ಟ್ಯಾಟಿಕ್ ಕರೆಂಟು, ಸಿಂಥೆಟಿಕ್ ಬಟ್ಟೆ ತಿರುಗಿ ತಿರುಗಿ ಬರುತ್ತೆ. ನಮ್ಮಲ್ಲೂ ಒಣಗಿದ ಬಟ್ಟೆ ತೆಗೆಯೋವಾಗ ಚಟ್ ಅನ್ನುತ್ತೆ.

ವೈರಿಂಗ್ ಕೆಲಸ ಮಾಡೋರು: ಸ್ಟ್ಯಾಟಿಕ್ ಆದ್ರೆ ಒಂದೇ ಸಲ ಚಟ್ ಅಂದು ಮುಗಿಯುತ್ತೆ, ಕೈ ಇಟ್ಟಷ್ಟು ಹೊತ್ತೂ ಜುಮ್ ಅನ್ನಲ್ಲ. ಇಲ್ಲಿ ಸುಳಿವು ಕೊಡೋದು ಆ 112. ಸಪ್ಲೈಯ ಹೆಚ್ಚುಕಮ್ಮಿ ಅರ್ಧ ಅಲ್ವಾ ಅದು? ಮೆಷಿನ್ ಒಳಗೆ ಕರೆಂಟ್ ಬರೋ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತೆ, ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಚಿಕ್ಕ ಕೆಪಾಸಿಟರ್ ಕೂರಿಸಿರ್ತಾರೆ. ಅರ್ಥ್ ಸರಿ ಇದ್ರೆ ಅವುಗಳಿಂದ ಸೋರೋ ಸ್ವಲ್ಪ ಕರೆಂಟು ಅರ್ಥ್ ವೈರ್ ಹಿಡಿದು ಹೋಗುತ್ತೆ, ನಿಮಗೆ ಗೊತ್ತೇ ಆಗಲ್ಲ. ಅರ್ಥ್ ಕಟ್ ಆದ್ರೆ ಬಾಡಿ ಎರಡರ ಮಧ್ಯೆ ತೇಲಾಡುತ್ತೆ, ಅದಕ್ಕೇ ಅರ್ಧ ವೋಲ್ಟೇಜ್. ಆ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪ್ ಒಳಗೇ ಇರುತ್ತೆ, ಹಾಗಾಗಿ ಜುಮ್ ಅಷ್ಟೇ.

ಹಾಗಾಗಿ ಮೊದಲ ಅನುಮಾನ ಅರ್ಥ್ ಮೇಲೆ, ಮೋಟಾರ್ ಮೇಲಲ್ಲ. ಆದ್ರೆ ಇಷ್ಟೇ ಅಂತ ಸುಮ್ನೆ ಕೂರಬೇಡಿ. ಅರ್ಥ್ ಇಲ್ಲದ ಮೆಷಿನ್ನಲ್ಲಿ ನಾಳೆ ನಿಜವಾಗಲೂ ಫೇಸ್ ಬಾಡಿಗೆ ತಾಗಿದ್ರೆ ಅದು ಹೋಗೋಕೆ ಇರೋ ದಾರಿ ನಿಮ್ಮ ಮೈ ಮಾತ್ರ. ರಿಪೇರಿ ಆಗೋವರೆಗೂ ಪ್ಲಗ್ ತೆಗೆದಿಡಿ.

ಇನ್ನೊಬ್ಬ ಸದಸ್ಯರು: ನಮ್ಮನೇಲಿ ಲೀಕೇಜ್ ಆದ್ರೆ ಕರೆಂಟ್ ಕಟ್ ಮಾಡೋ ಆರ್‌ಸಿಸಿಬಿ ಇದೆ, ಟ್ರಿಪ್ ಆಗಿಲ್ಲ ಅಂದ್ರೆ ಲೀಕೇಜ್ ಇಲ್ಲ ಅಂತ ಲೆಕ್ಕ. ಸಾಕೆಟ್‌ನಲ್ಲಿ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಕೊಟ್ಬಿಡಿ, ಜುಮ್ ನಿಂತೋಗುತ್ತೆ.

ವೈರಿಂಗ್ ಕೆಲಸ ಮಾಡೋರು: ನಿಲ್ಲುತ್ತೆ, ಒಪ್ತೀನಿ. ಆದ್ರೆ ದಯವಿಟ್ಟು ಇದನ್ನ ಯಾರೂ ಮಾಡಬೇಡಿ. ಆ ಸಾಕೆಟ್ಟಿಗೆ ಬರೋ ನ್ಯೂಟ್ರಲ್ ಎಲ್ಲೋ ಸಡಿಲ ಆಗಿ ಬಿಟ್ಟುಹೋಯ್ತು ಅಂತಿಟ್ಕೊಳಿ, ಫೇಸ್ ಮೆಷಿನ್ನಿನ ಒಳಗಿಂದ ಸುತ್ತಿ ನ್ಯೂಟ್ರಲ್‌ಗೆ ಬಂದು, ಆ ತುಂಡು ವೈರಿನಿಂದ ಸೀದಾ ಬಾಡಿಗೆ ಬರುತ್ತೆ. ಆಗ ಜುಮ್ ಅಲ್ಲ, ಪೂರಾ 230 ವೋಲ್ಟ್. ಇನ್ನು ಆರ್‌ಸಿಸಿಬಿ ವಿಷಯ, ಮನೆಗೆ ಹಾಕೋದು 30 ಮಿಲಿಆಂಪಿನದು, ಈ ಫಿಲ್ಟರ್ ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅರ್ಥ್ ಕಟ್ ಆಗಿದ್ರಂತೂ ದೊಡ್ಡ ಲೀಕೇಜಿಗೂ ಹೊರಗೆ ಹೋಗೋಕೆ ದಾರಿ ಇರಲ್ಲ, ಯಾರಾದ್ರೂ ಮುಟ್ಟಿದಾಗಲೇ ಅದಕ್ಕೆ ಗೊತ್ತಾಗೋದು.

ಮತ್ತೊಬ್ಬ ಸದಸ್ಯರು: ನಮ್ಮಲ್ಲಿ ಮೆಷಿನ್ ಆಫ್ ಮಾಡಿದ್ರೂ ಹೊಡೀತಿತ್ತು ಅಣ್ಣ! ಗೀಸರ್ ಪ್ಲಗ್ ತೆಗೆದ ಮೇಲೆ ನಿಂತ್ತು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ವೈರಿಂಗ್ ಕೆಲಸ ಮಾಡೋರು: ನಿಮ್ಮ ಕೇಸ್ ಬೇರೆ. ಮನೆಯೊಳಗೆ ಅರ್ಥ್ ವೈರ್ ಎಲ್ಲಾ ಸಾಕೆಟ್ಟಿಗೂ ಸೇರಿರುತ್ತೆ, ಆದ್ರೆ ಅದು ನೆಲಕ್ಕೆ ಹೋಗೋ ಕಡೆ ಕಟ್ ಆಗಿರಬಹುದು, ಆಗ ಗೀಸರ್ ಲೀಕೇಜು ಅದೇ ವೈರ್ ಹಿಡಿದು ಮೆಷಿನ್ ಬಾಡಿಗೆ ಬರುತ್ತೆ. ನೋಡದೆ ಖಚಿತವಾಗಿ ಹೇಳಲ್ಲ, ಎರಡನ್ನೂ ಚೆಕ್ ಮಾಡಿಸಿ, ಅಲ್ಲಿವರೆಗೂ ಗೀಸರ್ ಹಾಕಬೇಡಿ.

ಪ್ರಶ್ನೆ ಕೇಳಿದೋರಿಗೆ: ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಎಕ್ಸ್‌ಟೆನ್ಷನ್ ಬೋರ್ಡ್ ಇದ್ರೆ ತೆಗೆಸಿ, ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿ ಅರ್ಥ್ ಸ್ಕ್ರೂ ನೋಡಿಸಿ, ತುಂಬಾ ಸಲ ಅಲ್ಲೇ ಸಿಗುತ್ತೆ. ಬರೀ ಡಿಜಿಟಲ್ ಮೀಟರ್ ನಂಬಬೇಡಿ, ಒಂದೇ ಎಳೆ ಹಿಡ್ಕೊಂಡಿರೋ ಅರ್ಥ್ ಕೂಡ ಮೀಟರಿನಲ್ಲಿ ಚೆನ್ನಾಗೇ ಕಾಣುತ್ತೆ. ಅರ್ಥ್ ಸರಿಯಾದ ಮೇಲೆ ಮೆಷಿನ್ ಹಾಕಿ. ಆರ್‌ಸಿಸಿಬಿ ಬೀಳದೆ ನಿಂತ್ರೆ, ಜುಮ್ ಹೋದ್ರೆ, ಅದು ಫಿಲ್ಟರ್ರೇ. ಬಿದ್ರೆ ಮೆಷಿನ್ನಲ್ಲೇ ಲೀಕೇಜ್ ಇರೋ ಸಾಧ್ಯತೆ ಜಾಸ್ತಿ, ಪ್ಲಗ್ ತೆಗೆದು ಆ ಪ್ಲಗ್ಗಿನ ಫೇಸ್ ನ್ಯೂಟ್ರಲ್ ಪಿನ್ ಸೇರಿಸಿ, ಅಲ್ಲಿಂದ ಬಾಡಿಗೆ ಇನ್ಸುಲೇಷನ್ ಅಳೆಯೋ 500 ವೋಲ್ಟ್ ಮೆಗ್ಗರ್ ಹಾಕಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ್ರೆ ಒಳಗೆ ಹುಡುಕಬೇಕು.

ಪ್ರಶ್ನೆ ಕೇಳಿದವರು (ಎರಡು ದಿನ ಆದ್ಮೇಲೆ): ಸರ್, ಸಾಕೆಟ್ ಹಿಂದೆ ಅರ್ಥ್ ವೈರ್ ತುಕ್ಕು ಹಿಡಿದು ಸ್ಕ್ರೂನಿಂದ ಕಳಚಿತ್ತು. ಕತ್ತರಿಸಿ ಹೊಸದಾಗಿ ಕಟ್ಟಿದ್ರು, ಬಾಡಿ–ನ್ಯೂಟ್ರಲ್ ಈಗ 2 ವೋಲ್ಟ್, ಜುಮ್ ಪೂರ್ತಿ ಹೋಯ್ತು. ಆದ್ರೆ ತಣ್ಣೀರಲ್ಲಿ ಆರಾಮಾಗಿ ಓಡುತ್ತೆ, ಬಿಸಿನೀರಿನ ಪ್ರೋಗ್ರಾಂ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಆರ್‌ಸಿಸಿಬಿ ಬೀಳ್ತಿದೆ. ಮೊದಲು ಯಾವತ್ತೂ ಬಿದ್ದಿರಲಿಲ್ಲ.

ವೈರಿಂಗ್ ಕೆಲಸ ಮಾಡೋರು: ಮೊದಲು ಅರ್ಥೇ ಇರಲಿಲ್ಲ, ಹೇಗೆ ಬೀಳುತ್ತೆ. ಈಗ ಅನುಮಾನ ಹೀಟರ್ ಮೇಲೆ, ಒಳಗೆ ತೇವ ಸೇರಿರಬಹುದು. ವೈರ್ ಕಳಚಿ ಹೀಟರ್ ಒಂದಕ್ಕೇ ಮೆಗ್ಗರ್ ಹಾಕಿಸಿ. ಅಲ್ಲೀವರೆಗೂ ಬಿಸಿನೀರಿನ ಪ್ರೋಗ್ರಾಂ ಬೇಡ, ಆರ್‌ಸಿಸಿಬಿ ಬೈಪಾಸ್ ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಬಿಡಬೇಡಿ. ರೀಡಿಂಗ್ ಇಲ್ಲಿ ಹಾಕಿ, ನೋಡ್ತೀನಿ.