ಪದಚರ್ಚೆ: ಹಲಗೆ ಗುರುತು, ಪಾಲಿಶ್, ಜಲ್ಲಿ ಕಾಣುವ ಕಾಂಕ್ರೀಟ್ – ಪ್ರಾಂಪ್ಟಿನಲ್ಲಿ ಯಾವ ಮಾತು?

ವಸುಧಾ:

ಎಲ್ಲರಿಗೂ ನಮಸ್ಕಾರ. ಕಟ್ಟಡಗಳ ಒಳಾಂಗಣದ ಚಿತ್ರಗಳನ್ನು ಎಐಯಿಂದ ಬರೆಸುತ್ತಿದ್ದೇನೆ. ಪ್ರಾಂಪ್ಟನ್ನು ಕನ್ನಡದಲ್ಲೇ ಕೊಡುತ್ತೇನೆ. ಈಗ ಒಂದು ಗ್ರಂಥಾಲಯದ ಹಜಾರ ಬೇಕಾಗಿದೆ. ಎಡಗಡೆ ಬೋರ್ಡ್ ಮಾರ್ಕ್ಡ್, ಅಂದರೆ ಸೆಂಟ್ರಿಂಗ್ ಹಲಗೆಯ ಗುರುತು ಮೂಡಿದ ಕಾಂಕ್ರೀಟ್ ಗೋಡೆ, ಕೆಳಗೆ ಪಾಲಿಶ್ ಮಾಡಿದ ಕಾಂಕ್ರೀಟ್ ನೆಲ, ಬಲಗಡೆ ಎಕ್ಸ್‌ಪೋಸ್ಡ್ ಅಗ್ರಿಗೇಟ್ ಕಂಬಗಳು. ನಾನು ಕೊಟ್ಟದ್ದು ಹೀಗೆ:

```
ಗ್ರಂಥಾಲಯದ ಹಜಾರ, ಮರದ ಹಲಗೆ ಗುರುತಿನ ಕಾಂಕ್ರೀಟ್ ಗೋಡೆ,
ಹೊಳೆಯುವ ಕಾಂಕ್ರೀಟ್ ನೆಲ, ಜಲ್ಲಿ ಕಾಣುವ ಕಾಂಕ್ರೀಟ್ ಕಂಬಗಳು,
ಸುಂದರವಾದ ಬೆಳಕು
```

ಬಂದದ್ದೇ ಬೇರೆ. ಗೋಡೆಗೆ ಕಂದು ಬಣ್ಣದ ಮರದ ಪ್ಯಾನೆಲ್ ಹೊಡೆದಿದೆ. ನೆಲ ನೀರು ಚೆಲ್ಲಿದ ಅಮೃತಶಿಲೆ. ಕಂಬಗಳು ನುಣ್ಣನೆ ಮೊಸಾಯಿಕ್. ಮೂರಕ್ಕೂ ಸರಿಯಾದ ಕನ್ನಡ ಮಾತು ಯಾವುದು? ಅಥವಾ ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಹಾಕುವುದು ಮೇಲೇ?

ಗಿರೀಶ:

ವಸುಧಾ ಅವರೇ, ಮೊದಲು ‘ಮರದ’ ಅನ್ನುವುದನ್ನು ತೆಗೆಯಿರಿ. ಮರ ಅಂದರೆ ಅದು ಮರವನ್ನೇ ತರುತ್ತದೆ. ‘ಮರ ಬೇಡ’ ಅಂತ ಬರೆದರೂ ಬಹುತೇಕ ಮರವೇ ಬರುತ್ತದೆ, ಇದು ನನ್ನ ಅನುಭವ. ಎಕ್ಸ್‌ಪೋಸ್ಡ್ ಅಗ್ರಿಗೇಟ್ ಅಂದರೆ ಸೈಟಿನಲ್ಲಿ ಹನಿಕೂಂಬ್ ಅನ್ನುತ್ತಾರಲ್ಲ, ಜಲ್ಲಿ ಹೊರಗೆ ಕಾಣುವುದು, ಅದೇ. ಆ ಪದ ಹಾಕಿ ನೋಡಿ. ಬೆಳಕಿಗೆ ಮೂರಕ್ಕೂ ಸೇರಿಸಿ ‘ಪಕ್ಕದಿಂದ ಬೀಳುವ ಬೆಳಕು’ ಅಂದುಬಿಟ್ಟರೆ ಸಾಕು. ಪಕ್ಕದ ಬೆಳಕಿನಲ್ಲಿ ಒರಟೆಲ್ಲ ಎದ್ದು ಕಾಣುತ್ತದೆ.

ನಾಗರಾಜ:

ಗಿರೀಶರೇ, ಮರದ ವಿಷಯ ನೀವು ಹೇಳಿದ್ದು ಸರಿ. ಹನಿಕೂಂಬ್ ಮಾತ್ರ ಹಾಕಿಸಬೇಡಿ. ಅದು ಕೆಲಸ ಕೆಟ್ಟದ್ದರ ಹೆಸರು. ಕಾಂಕ್ರೀಟ್ ಸರಿಯಾಗಿ ವೈಬ್ರೇಟ್ ಆಗದೆ, ಇಲ್ಲವೇ ಸಂದಿಯಲ್ಲಿ ಸಿಮೆಂಟಿನ ಹಾಲು ಸೋರಿಹೋಗಿ, ಜಲ್ಲಿಗಳ ನಡುವೆ ಪೊಳ್ಳು ಉಳಿದರೆ ಅದು ಹನಿಕೂಂಬ್. ಎಕ್ಸ್‌ಪೋಸ್ಡ್ ಅಗ್ರಿಗೇಟಿನಲ್ಲಿ ಪೊಳ್ಳು ಇರುವುದೇ ಇಲ್ಲ. ಮೇಲ್ಮೈಯ ಸಿಮೆಂಟು ಬೇಗ ಗಟ್ಟಿಯಾಗದಂತೆ ರಿಟಾರ್ಡರ್ ಬಳಿದು, ಒಳಗಿನದು ಗಟ್ಟಿಯಾದ ಮೇಲೆ ನೀರು ಹಾಯಿಸಿ ಬ್ರಶ್ ಹಾಕಿ ತೊಳೆಯುತ್ತಾರೆ. ಮೇಲಿನ ಸಿಮೆಂಟು ಹೋಗಿ ಜಲ್ಲಿಯ ತಲೆಗಳು ಮಾತ್ರ ಹೊರಗೆ ನಿಲ್ಲುತ್ತವೆ. ಕಲ್ಲಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೊರಗೆ ಬಿಡುವುದಿಲ್ಲ, ಬಿಟ್ಟರೆ ಉದುರುತ್ತದೆ.

ವಸುಧಾ ಅವರಿಗೆ ಮೊಸಾಯಿಕ್ ಬಂದದ್ದಕ್ಕೆ ಕಾರಣ ‘ಕಾಣುವ’ ಅನ್ನುವ ಮಾತು ಅಂತ ನನ್ನ ಊಹೆ. ಚೆನ್ನಾಗಿ ತಿಕ್ಕಿ ಪಾಲಿಶ್ ಮಾಡಿದ ನೆಲದಲ್ಲೂ ಜಲ್ಲಿ ಕಾಣುತ್ತದೆ. ಆದರೆ ಅಲ್ಲಿ ಕಲ್ಲು ಕತ್ತರಿಸಿಹೋಗಿ ಮೇಲ್ಮೈಗೆ ಸಮನಾಗಿರುತ್ತದೆ, ಬಣ್ಣ ಇರುತ್ತದೆ, ನೆರಳು ಇರುವುದಿಲ್ಲ. ತೊಳೆದು ತೆಗೆದದ್ದರಲ್ಲಿ ಒಂದೊಂದು ಕಲ್ಲಿಗೂ ತನ್ನದೇ ಪುಟ್ಟ ನೆರಳು ಇರುತ್ತದೆ. ಹಾಗಾಗಿ ‘ಜಲ್ಲಿ ಎದ್ದ ಕಾಂಕ್ರೀಟ್, ಕಲ್ಲು ಕಲ್ಲಿಗೂ ಕೆಳಗೆ ಚಿಕ್ಕ ನೆರಳು’ ಅನ್ನಿ.

ಇನ್ನು ಪಕ್ಕದ ಬೆಳಕು. ಹಲಗೆ ಗೋಡೆಯಲ್ಲಿ ಸೆಂಟ್ರಿಂಗಿನವರು ಹಲಗೆಯನ್ನು ಅಡ್ಡಡ್ಡ ಕೂರಿಸಿದ್ದರೆ ಸಂದಿಗೆರೆಗಳೂ ಅಡ್ಡಡ್ಡವೇ ಇರುತ್ತವೆ. ಗೋಡೆಯ ಒಂದು ತುದಿಯ ಕಿಟಕಿಯಿಂದ ಬೆಳಕು ಬಂದರೆ ಅದು ಆ ಗೆರೆಗಳ ಉದ್ದಕ್ಕೇ ಹರಿದುಹೋಗುತ್ತದೆ. ಗೆರೆಯನ್ನು ಹಾಯದ ಬೆಳಕು ನೆರಳು ಹಾಕುವುದಿಲ್ಲ. ಅಡ್ಡ ಹಲಗೆಗೆ ಬೆಳಕು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯಬೇಕು, ಉದ್ದುದ್ದ ನಿಲ್ಲಿಸಿದ ಹಲಗೆಗೆ ಮಾತ್ರ ಪಕ್ಕದಿಂದ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಎರಡೂ ಸಪ್ಪೆ. ಪ್ರಾಂಪ್ಟಿನಲ್ಲಿ ಹಲಗೆಯ ದಿಕ್ಕನ್ನೂ ಬೆಳಕಿನ ದಿಕ್ಕನ್ನೂ ಜೊತೆಯಾಗಿಯೇ ಬರೆಯಬೇಕು.

ಶಂಕರ:

ಚರ್ಚೆ ಪದದ ಬಗ್ಗೆ ಅಲ್ಲವೇ, ಹಾಗಾಗಿ ನನ್ನದೂ ಒಂದು ಮಾತು. ‘ಗುರುತು’ ತೀರಾ ಸಡಿಲ. ಸೀಸದಕಡ್ಡಿಯ ಗೆರೆಯೂ ಗುರುತೇ. ‘ಹಲಗೆಯಚ್ಚಿನ ಕಾಂಕ್ರೀಟ್’ ಅಂದರೆ ಹೇಗೆ? ಅಥವಾ ‘ಪಡಿಯಚ್ಚು’, ಅದು ಇನ್ನೂ ನಿಖರ. ನಾಗರಾಜರೇ, ಒಂದು ಸಂದೇಹ. ಹಲಗೆಗಳ ಸಂದಿ ಕಾಂಕ್ರೀಟಿನಲ್ಲಿ ಗೀರಾಗಿ ಬೀಳುತ್ತದೋ, ಏಣಾಗಿ ನಿಲ್ಲುತ್ತದೋ? ಅದು ಗೊತ್ತಾಗದೆ ಪದ ಕಟ್ಟುವುದು ಹೇಗೆ?

ನಾಗರಾಜ:

ಒಳ್ಳೆಯ ಪ್ರಶ್ನೆ, ಅದೇ ಮುಖ್ಯ. ಏಣು. ಎರಡು ಹಲಗೆಗಳ ನಡುವಿನ ಸಣ್ಣ ಸಂದಿಗೆ ಸಿಮೆಂಟಿನ ಹಾಲು ನುಗ್ಗಿ ಗಟ್ಟಿಯಾಗುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಅದು ಗೋಡೆಯಿಂದ ಹೊರಗೆ ಚಾಚಿದ ತೆಳು ಏಣಾಗಿ ಉಳಿಯುತ್ತದೆ. ಹಲಗೆಗಳ ದಪ್ಪ ಒಂದೇ ಸಮ ಇಲ್ಲದಿದ್ದರೆ ಒಂದು ಪಟ್ಟಿ ಒಳಗೆ, ಇನ್ನೊಂದು ಹೊರಗೆ ಆಗಿ ಸಣ್ಣ ಮೆಟ್ಟಿಲೂ ಮೂಡುತ್ತದೆ. ಮರದ ಎಳೆಯೂ ಹೀಗೇ ತಿರುಗುಮುರುಗು. ಹಲಗೆಯಲ್ಲಿ ಉಬ್ಬಿದ ಗಟ್ಟಿ ಎಳೆ ಕಾಂಕ್ರೀಟಿನಲ್ಲಿ ತಗ್ಗಾಗಿ ಬರುತ್ತದೆ. ಎಳೆ ಚೆನ್ನಾಗಿ ಮೂಡಲೆಂದು ಕೆಲವರು ಹಲಗೆಗೆ ಮೊದಲೇ ಮರಳು ಊದಿ ಮೆತ್ತನೆಯ ಭಾಗ ಸವೆಸುತ್ತಾರೆ.

‘ಗೆರೆ ಕೊರೆದ ಕಾಂಕ್ರೀಟ್’ ಅಂತ ಬರೆದವರಿಗೆ ಯಂತ್ರದಲ್ಲಿ ಕೊಯ್ದ ಕಾಲುವೆಗಳಂಥ ಗೋಡೆ ಬರುವುದನ್ನು ನೋಡಿದ್ದೇನೆ. ಅದು ನಿಜವಲ್ಲ ಅಂತ ಗುರುತಿಸುವುದು ಸುಲಭ. ಮೇಲಿನಿಂದ ಬೆಳಕು ಬಿದ್ದಾಗ ಏಣಿನ ಮೇಲಂಚು ಬೆಳಗಿ ಕೆಳಗೆ ಕಪ್ಪು ಇರಬೇಕು. ಗೀರಾಗಿದ್ದರೆ ಮೇಲೆ ಕಪ್ಪು, ಕೆಳಗಿನ ಅಂಚು ಬೆಳಕು. ಲಂಡನ್ನಿನ ನ್ಯಾಷನಲ್ ಥಿಯೇಟರಿನ ಫೋಟೋಗಳನ್ನು ಹತ್ತಿರದಿಂದ ನೋಡಿ, ಫರ್ ಮರದ ಹಲಗೆಯ ಎಳೆ, ಸಂದಿ ಎರಡೂ ಅಲ್ಲಿ ಸ್ಪಷ್ಟ. ಅದೇ ಊರಿನ ಬಾರ್ಬಿಕನ್ ಕಟ್ಟಡಗಳದ್ದು ಹಲಗೆಯಚ್ಚಲ್ಲ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಮೇಲ್ಮೈಯನ್ನು ಕೈಯಿಂದ ಕೊಚ್ಚಿ ಒರಟು ಮಾಡಿದ್ದು. ಜನ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ.

ಸಾವಿತ್ರಿ:

ನಮಸ್ಕಾರ. ಪಾಲಿಶ್ ನೆಲದ ಮಾತು ಬಂತಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲೂ ಕಾಂಕ್ರೀಟ್ ನೆಲ ಪಾಲಿಶ್ ಮಾಡಿಸಬೇಕೆಂದಿದ್ದೇವೆ. ಜಾರುತ್ತದೆಯೇ? ಕನ್ನಡಿಯ ಹಾಗೆ ಹೊಳೆಯುವುದು ನಮಗೆ ಬೇಡ, ಆದರೆ ಮೇಸ್ತ್ರಿ ‘ಪಾಲಿಶ್ ಅಂದರೆ ಹೊಳೆಯಲೇಬೇಕು’ ಅನ್ನುತ್ತಾರೆ.

ನಾಗರಾಜ:

ಸಾವಿತ್ರಮ್ಮನವರೇ, ಹೊಳೆಯಲೇಬೇಕೆಂದೇನೂ ಇಲ್ಲ. ವಜ್ರದ ಕಣ ಕೂರಿಸಿದ ಬಿಲ್ಲೆಗಳಿಂದ ಒರಟಿನಿಂದ ನಯದ ಕಡೆಗೆ ಹಂತ ಹಂತವಾಗಿ ತಿಕ್ಕುತ್ತಾರೆ. 400ನೇ ನಂಬರಿನ ಬಿಲ್ಲೆಗೆ ನಿಲ್ಲಿಸಿದರೆ ಮಂದ ಕಾಂತಿ ಅಷ್ಟೇ. 800ರ ಹೊತ್ತಿಗೆ ಕಿಟಕಿಯ ಆಕಾರ ಮಸುಕಾಗಿ ಕಾಣತೊಡಗುತ್ತದೆ. 1500, 3000ಕ್ಕೆ ಹೋದರೆ ಕನ್ನಡಿಯ ಹತ್ತಿರ. ಯಾವ ನಂಬರಿಗೆ ನಿಲ್ಲಿಸಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿ, ಒಂದು ಮೂಲೆಯಲ್ಲಿ ಮಾದರಿ ಮಾಡಿಸಿ, ನೀರು ಹಾಕಿ ನಡೆದು ನೋಡಿ.

ವಸುಧಾ ಅವರಿಗೂ ಇದು ಬೇಕಾಗುತ್ತದೆ. ‘ಹೊಳೆಯುವ’ ಅಂದರೆ ಎಷ್ಟು ಅಂತ ಯಾರಿಗೂ ತಿಳಿಯುವುದಿಲ್ಲ. ನೆಲದಲ್ಲಿ ಏನು ಪ್ರತಿಫಲಿಸುತ್ತದೆ, ಎಷ್ಟು ಸ್ಪಷ್ಟ, ಅದನ್ನು ಬರೆಯಿರಿ. ಪಾಲಿಶ್ ನೆಲಕ್ಕೆ ಸ್ವಂತದ್ದೆಂಬ ನೋಟ ಕಡಿಮೆ, ಎದುರಿಗಿರುವುದೇ ಅದರ ನೋಟ. ನೋಡುವವರ ಎದುರು, ದೂರದಲ್ಲಿ, ಬೆಳಕಿನ ಕಿಟಕಿ ಇದ್ದರೆ ನೆಲದ ಮೇಲೆ ಅದರ ಉದ್ದನೆಯ ಬಿಳಿ ಪಟ್ಟಿ ಬೀಳುತ್ತದೆ. ಕಿಟಕಿ ನೋಡುವವರ ಬೆನ್ನ ಹಿಂದಿದ್ದರೆ ಅದೇ ನೆಲ ಬರಿಯ ಬೂದು. ಇನ್ನೊಂದು ಗಮನಿಸಿ: ಕಾಲ ಬುಡದಲ್ಲಿ ಪ್ರತಿಬಿಂಬ ಕಡಿಮೆ, ದೂರ ಹೋದಂತೆ ಹೆಚ್ಚು, ಯಾಕೆಂದರೆ ದೂರದ ನೆಲವನ್ನು ನಾವು ಓರೆಯಾಗಿ ನೋಡುತ್ತೇವೆ. ಚಿತ್ರದಲ್ಲಿ ನೆಲವೆಲ್ಲ ಒಂದೇ ಸಮ ಕನ್ನಡಿಯಾಗಿದ್ದರೆ ಅದು ನೀರು ನಿಂತ ಹಾಗೆ ಕಾಣುತ್ತದೆ, ನಿಮಗಾದದ್ದು ಅದೇ ಇರಬೇಕು.

ಗಿರೀಶ:

ಹನಿಕೂಂಬ್ ಬಗ್ಗೆ ನಾಗರಾಜರ ಮಾತು ಒಪ್ಪಿದೆ. ಆದರೆ ಇಷ್ಟುದ್ದ ಬರೆದರೆ ಎಐಗೆ ತಲೆಗೆ ಹೋಗುತ್ತದೆಯೇ? ಮೂರೂ ಬಗೆ ಒಟ್ಟಿಗೆ ಬಂದಾಗ ಒಂದರ ಗುಣ ಇನ್ನೊಂದಕ್ಕೆ ಸೋರುತ್ತದೆ. ಹಲಗೆ ಎಳೆ ಕಂಬಕ್ಕೂ ಹತ್ತುತ್ತದೆ. ನನಗೆ ‘ಬೋರ್ಡ್ ಮಾರ್ಕ್ಡ್’ ಅಂತ ಇಂಗ್ಲಿಷ್ ಹೆಸರು ಕೊಟ್ಟಾಗಲೇ ಹೆಚ್ಚು ಸಲ ಸರಿ ಬಂದಿದೆ.

ಶಂಕರ:

ಹೆಸರು ಕೊಟ್ಟು ಸುಮ್ಮನಾದರೆ ಅದಕ್ಕೆ ಗೊತ್ತಿದ್ದದ್ದು ಬರುತ್ತದೆ, ನಿಮಗೆ ಬೇಕಾದದ್ದಲ್ಲ. ಕನ್ನಡದಲ್ಲಿ ಹೆಸರಿಗಿಂತ ವರ್ಣನೆ ಬಲ. ‘ಎದ್ದ’, ‘ಇಳಿದ’, ‘ಸಮನಾದ’ ಈ ಮೂರು ಮಾತು ಸರಿಯಾದ ಕಡೆ ಬಿದ್ದರೆ ಅರ್ಧ ಕೆಲಸ ಆಯಿತು.

ವಸುಧಾ:

ಎಲ್ಲರಿಗೂ ಧನ್ಯವಾದ. ಭಾಗ ಭಾಗಕ್ಕೂ ಬೇರೆ ವಾಕ್ಯ ಮಾಡಿ, ಜಾಗ ಹೇಳಿ, ಹೀಗೆ ಕೊಟ್ಟೆ:

```
ಗ್ರಂಥಾಲಯದ ಹಜಾರ. ಎಡಗಡೆ ಬೂದು ಕಾಂಕ್ರೀಟ್ ಗೋಡೆ, ಅಡ್ಡ ಹಲಗೆಯಚ್ಚು,
ಪಟ್ಟಿಗಳ ನಡುವೆ ತೆಳು ಏಣುಗಳು; ಗೋಡೆಗೆ ಅಂಟಿದ ಸೂರಿನ ಸೀಳಿನಿಂದ
ಬೆಳಕು ಗೋಡೆಯನ್ನು ಸವರಿ ಇಳಿಯುತ್ತದೆ.
ನೆಲ ಮಂದ ಪಾಲಿಶಿನ ಬೂದು ಕಾಂಕ್ರೀಟ್, ಎದುರಿನ ದೂರದ ಕಿಟಕಿಯ
ಮಸುಕು ಪ್ರತಿಬಿಂಬ ಉದ್ದಕ್ಕೆ ಹರಡಿದೆ.
ಬಲಗಡೆ ಜಲ್ಲಿ ಎದ್ದ ಒರಟು ಕಂಬಗಳು, ಕಲ್ಲು ಕಲ್ಲಿಗೂ ಚಿಕ್ಕ ನೆರಳು.
```

ಗೋಡೆ ಚೆನ್ನಾಗಿ ಬಂತು, ಮರ ಹೋಯಿತು, ಏಣಿನ ಕೆಳಗೆ ಕಪ್ಪಿದೆ. ನೆಲವೂ ಪರವಾಗಿಲ್ಲ. ಕಂಬ ಮಾತ್ರ ಕಪ್ಪು ಕಪ್ಪು, ಜಲ್ಲಿಯೇ ಇಲ್ಲ. ‘ಎದ್ದ’ ಅನ್ನುವುದು ಅದಕ್ಕೆ ಅರ್ಥವಾಗಲಿಲ್ಲವೇ?

ನಾಗರಾಜ:

ಪದದ ತಪ್ಪಲ್ಲ ಅದು. ನೆಲದ ಹೊಳಪಿಗೆಂದು ನೀವು ಕಿಟಕಿಯನ್ನು ಎದುರಿಗೆ ಇಟ್ಟಿರಿ. ಕಂಬಗಳು ಆ ಕಿಟಕಿಗೂ ನಿಮಗೂ ನಡುವೆ ಬಂದವು, ನಮ್ಮ ಕಡೆಯ ಮೈಗೆ ಬೆಳಕೇ ಇಲ್ಲ. ನಿಜವಾದ ಕಟ್ಟಡದಲ್ಲೂ ಹೀಗೇ ಕಾಣುತ್ತದೆ. ಎಡಗೋಡೆಯ ಸೀಳಿನ ಬೆಳಕು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ, ಮುಟ್ಟಿದರೂ ಜಲ್ಲಿಗೆ ಹೆಚ್ಚು ಕಡಿಮೆ ನೇರವಾಗಿ ಬೀಳುತ್ತದೆ, ನೆರಳು ಹುಟ್ಟುವುದಿಲ್ಲ.

ದೂರವೂ ಒಂದು ಲೆಕ್ಕ. ಚಿತ್ರದಲ್ಲಿ ತೀರಾ ದೂರದ ಕಂಬದ ಜಲ್ಲಿ ಒಂದೊಂದಾಗಿ ಎದ್ದು ಕಾಣುವುದಿಲ್ಲ, ಬರೀ ಒರಟು ಬೂದಾಗಿ ಕಾಣುತ್ತದೆ. ಒಂದು ಕಂಬವನ್ನು ಮುಂದಕ್ಕೆ, ಚಿತ್ರದ ಬಲ ಅಂಚಿಗೆ ತನ್ನಿ. ಅದರ ನೆತ್ತಿಯ ಮೇಲೇ ಇನ್ನೊಂದು ಸೀಳು ಕೊಡಿ, ಬೆಳಕು ಕಂಬದ ಮೈಯನ್ನು ಸವರಿ ಇಳಿಯಲಿ. ಹಿಂದಿನ ಕಂಬಗಳು ಕಪ್ಪಾಗೇ ಇರಲಿ, ಅದು ಸಹಜ.

ಗಿರೀಶರು ಹೇಳಿದ ಸೋರಿಕೆ ಆಗಲೂ ಆಗಬಹುದು. ಮುಂದಿನ ಕಂಬಕ್ಕೆ ಹಲಗೆ ಪಟ್ಟಿ ಹತ್ತಿತೇ ಅಂತ ಮೊದಲು ಅದನ್ನೇ ನೋಡಿ. ಹತ್ತಿದ್ದರೆ ಕಂಬವನ್ನು ದುಂಡಗೆ ಮಾಡಿ ಕೇಳಿ. ನನಗೆ ಕೆಲವು ಸಲ ಅದರಿಂದ ಸರಿಹೋಗಿದೆ, ಕೆಲವು ಸಲ ಇಲ್ಲ.

ಶಂಕರ:

ಸವರು ಅಂದರೆ ಕತ್ತರಿಸು ಅಂತಲೂ ಅರ್ಥವಿದೆ, ಗಿಡ ಸವರಿದ ಹಾಗೆ. ‘ತಾಗಿಕೊಂಡು ಜಾರುವ ಬೆಳಕು’ ಅಂತಲೂ ಒಮ್ಮೆ ಕೊಟ್ಟು ನೋಡಿ ವಸುಧಾ ಅವರೇ, ಯಾವುದಕ್ಕೆ ಏಣಿನ ನೆರಳು ಉದ್ದವಾಗಿ ಬರುತ್ತದೆ ಅಂತ ಇಲ್ಲಿಯೇ ಬರೆಯಿರಿ.