ಅಪ್‌ಡೇಟ್: ಟೆಸ್ಟ್ ಆಟೊಮೇಶನ್‌ನ ಲಾಭದ ಲೆಕ್ಕದಲ್ಲಿ ನಿರ್ವಹಣೆಯ ವೆಚ್ಚ

ನನ್ನ ಪ್ರಶ್ನೆ: "ಆಟೊಮೇಶನ್‌ಗೆ ಹಾಕಿದ 200 ಗಂಟೆಗಳ ಶ್ರಮ ಎಷ್ಟು ತಿಂಗಳಲ್ಲಿ ಮರಳಿ ಬರುತ್ತದೆ? ನಿರ್ವಹಣೆಯನ್ನು ಹೇಗೆ ಲೆಕ್ಕಕ್ಕೆ ಸೇರಿಸಬೇಕು?"

ಸಲಹೆ ನೀಡಿದ ಎಲ್ಲರಿಗೂ ಧನ್ಯವಾದಗಳು. ಒಂದು ರಿಲೀಸ್‌ನ ರಿಗ್ರೆಶನ್ ಪರೀಕ್ಷೆಯನ್ನು ಕೈಯಿಂದ ಮಾಡಲು 30 ಗಂಟೆ ಬೇಕಾಗುತ್ತಿತ್ತು. ತಿಂಗಳಿಗೆ ಎರಡು ರಿಲೀಸ್ ಇರುವುದರಿಂದ 60 ಗಂಟೆ ಉಳಿಯುತ್ತದೆ ಎಂಬುದು ಮೊದಲ ಅಂದಾಜು. ಆದರೆ ಪ್ರತಿ ರಿಲೀಸ್‌ನಲ್ಲಿ 8 ಗಂಟೆಗಳ ಕೆಲಸ ಈಗಲೂ ಕೈಯಿಂದಲೇ ನಡೆಯುವುದರಿಂದ ನಿಜವಾದ ಉಳಿತಾಯ 44 ಗಂಟೆ ಮಾತ್ರ. ಪ್ರತಿ ರಾತ್ರಿಯ ರನ್‌ಗಳನ್ನು ಉಳಿತಾಯಕ್ಕೆ ಸೇರಿಸಿಲ್ಲ, ಏಕೆಂದರೆ ಆ ಪರೀಕ್ಷೆಗಳನ್ನು ಯಾರೂ ರಾತ್ರಿಯಿಡೀ ಕುಳಿತು ಕೈಯಿಂದ ಮಾಡುತ್ತಿರಲಿಲ್ಲ.

ಸ್ಕ್ರೀನ್ ಬದಲಾದಾಗ ಸ್ಕ್ರಿಪ್ಟ್ ತಿದ್ದಲು ತಿಂಗಳಿಗೆ 14 ಗಂಟೆ, ವಿಫಲವಾದ ಟೆಸ್ಟ್‌ಗಳ ಕಾರಣ ಹುಡುಕಲು 10 ಗಂಟೆ ಹೋಗುತ್ತದೆ.

```
ನಿವ್ವಳ ಉಳಿತಾಯ = 44 - 14 - 10 = 20 ಗಂಟೆ/ತಿಂಗಳು
ಮರಳಿಕೆ = 200 / 20 = 10 ತಿಂಗಳು
ಮೊದಲ ವರ್ಷದ ROI = (240 - 200) / 200 = 20%
```

ನಿರ್ವಹಣೆಯನ್ನು ಬಿಟ್ಟು 60 ಗಂಟೆಯನ್ನೇ ಹಿಡಿದಿದ್ದರೆ ಇದೇ ROI 260% ಎಂದು ಕಾಣುತ್ತಿತ್ತು. ಅಂತಹ ಅಂಕಿಯನ್ನು ನಂಬಿ ತಂಡದ ಯೋಜನೆ ರೂಪಿಸುವುದು ಸರಿಯಲ್ಲ ಎಂದು ನಾನು ದೃಢವಾಗಿ ಭಾವಿಸುತ್ತೇನೆ.

ಹೆಚ್ಚು ಗಮನ ಬೇಕಾದದ್ದು ಆ 10 ಗಂಟೆಗಳಿಗೆ. ಕೋಡ್ ಬದಲಾಗದಿದ್ದರೂ ಮತ್ತೆ ಓಡಿಸಿದಾಗ ಟೆಸ್ಟ್ ಪಾಸ್ ಆದರೆ ಅದನ್ನು ಫ್ಲೇಕಿ ಎಂದು ಗುರುತಿಸಿ, ಅದಕ್ಕೆ ಹೋದ ಸಮಯವನ್ನು ಟಿಕೆಟ್‌ನಲ್ಲಿ ಪ್ರತ್ಯೇಕವಾಗಿ ದಾಖಲಿಸುತ್ತಿದ್ದೇವೆ. ಬಹುಪಾಲು ಸಮಸ್ಯೆ ಬಂದಿದ್ದು `sleep` ಬಳಸಿ ನಿಗದಿತ ಸಮಯ ಕಾಯುತ್ತಿದ್ದ ಟೆಸ್ಟ್‌ಗಳಿಂದ. ಬಟನ್ ಕ್ಲಿಕ್‌ಗೆ ಸಿದ್ಧವಾಗುವವರೆಗೆ ಮಾತ್ರ ಕಾಯುವಂತೆ ಅವುಗಳನ್ನು ಈಗ ಬದಲಾಯಿಸುತ್ತಿದ್ದೇವೆ. ಆ ಬದಲಾವಣೆಗೆ ತಗಲುವ ಗಂಟೆಗಳನ್ನೂ ಹೂಡಿಕೆಗೇ ಸೇರಿಸುತ್ತೇವೆ.