ಅಪ್‌ಡೇಟ್: ವಾರದ ಪೇಔಟ್‌ನಲ್ಲಿ 1,490 ರೂಪಾಯಿ ಎಲ್ಲಿ ಹೋಯಿತು

ನಾನು ಕೇಳಿದ್ದು: "ಫುಡ್ ಡೆಲಿವರಿ ಮಾಡ್ತೀನಿ. ಆಪ್‌ನಲ್ಲಿ ವಾರದ ಗಳಿಕೆ 5,270 ಅಂತಿದೆ, ಇನ್ಸೆಂಟಿವ್ 900 ಸೇರಿ. ಬ್ಯಾಂಕಿಗೆ ಬಂದಿದ್ದು 3,780. ಉಳಿದದ್ದು ಎಲ್ಲಿ?"

ಲೆಕ್ಕ ಸಿಕ್ಕಿತು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ಅಂದವರ ಮಾತು ಕೇಳಿ ನಲವತ್ತು ನಿಮಿಷ ಸುಮ್ನೆ ಹಾಳಾಯಿತು. ಕೆಲಸಕ್ಕೆ ಬಂದಿದ್ದು "ಒಟ್ಟು ಮೊತ್ತ ಬಿಡಿ, ಕಡಿತದ ಒಂದೊಂದು ಸಾಲು ತೆರೆದು ನೋಡಿ" ಎಂಬ ಸಲಹೆ.

ದೊಡ್ಡ ಸಾಲು 1,240. ನೋಡಿ ಪೆಚ್ಚಾದೆ. ಅದು ಕಡಿತವೇ ಅಲ್ಲ! ಗ್ರಾಹಕರು ನಗದು ಕೊಟ್ಟ ಆರ್ಡರ್‌ಗಳ ಹಣ. ನಾನು ಡೆಪಾಸಿಟ್ ಮಾಡದೆ ಪೆಟ್ರೋಲಿಗೆ, ಊಟಕ್ಕೆ ಖರ್ಚು ಮಾಡಿದ್ದೆ. ಅದನ್ನೇ ಪೇಔಟ್‌ನಲ್ಲಿ ಹಿಡಿದುಕೊಂಡಿದ್ದರು. ಅಂದರೆ ಆ ದುಡ್ಡು ಮೊದಲೇ ನನ್ನ ಕೈ ಸೇರಿತ್ತು, ಅಲ್ವಾ?

100 ರೂಪಾಯಿ ಬ್ಯಾಗ್, ಟೀ ಶರ್ಟಿನ ಕಂತು. ಇನ್ನೂ ಮೂರು ವಾರ ಇದೆ.

ನಿಜವಾದ ತಪ್ಪು 150ರ ದಂಡದಲ್ಲಿತ್ತು. ಪಿಕಪ್ ಆದ ಮೇಲೆ ರದ್ದಾದ ಆರ್ಡರನ್ನು ನಾನು ಹೋಟೆಲಿಗೆ ವಾಪಸ್ ಕೊಟ್ಟಿದ್ದೆ, ಆಪ್‌ನಲ್ಲಿ "ಹಿಂತಿರುಗಿಸಿಲ್ಲ" ಅಂತಿತ್ತು. ಕೌಂಟರಿನಲ್ಲಿ ತೆಗೆದ ಫೋಟೋ, ಆರ್ಡರ್ ನಂಬರ್ ಹಾಕಿ ಆ ಸಾಲಿನ ಮೇಲೇ ಟಿಕೆಟ್ ಹಾಕಿದೆ. ಈ ವಾರದ ಪೇಔಟ್‌ನಲ್ಲಿ 150 ವಾಪಸ್ ಬಂತು.